ಒಲೆ ಮುಂದೆ ನಿಂತು ಜಪಾನಿ ಮಾತಾಡೋದು: ಹೊಸಬರಿಗೆ ಒಂಟಿ ಅಭ್ಯಾಸದ ಮಾರ್ಗದರ್ಶಿ

ಜಪಾನಿ ಕಲಿಯುವವರು ಸಾಮಾನ್ಯವಾಗಿ ಬರೆಯುವ ಪರೀಕ್ಷೆ ಜೆಎಲ್‌ಪಿಟಿ. ಅದರಲ್ಲಿ ಓದಬೇಕು, ಕೇಳಿಸಿಕೊಳ್ಳಬೇಕು, ಸರಿ ಉತ್ತರಕ್ಕೆ ಗುರುತು ಹಾಕಬೇಕು. ಬಾಯಿ ತೆರೆಯುವ ಭಾಗ ಅದರಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಅದರ ಮೊದಲ ಹಂತ ಎನ್5 ಪಾಸಾದರೂ ಜಪಾನಿನವರೊಬ್ಬರು ಎದುರು ನಿಂತರೆ ಒಂದು ವಾಕ್ಯ ಹೊರಡೋದಿಲ್ಲ. ನನಗೂ ಹಾಗೇ ಆಯಿತು. ಪದ ಗೊತ್ತು, ವ್ಯಾಕರಣ ಗೊತ್ತು, ನಾಲಿಗೆ ಮಾತ್ರ ಅಂಟಿಕೊಂಡಿತ್ತು.

ಕೊನೆಗೆ ಕೈಹಿಡಿದದ್ದು ಅಡುಗೆಮನೆ. ಮಾಡುವ ಕೆಲಸವನ್ನು ಮಾಡುತ್ತಲೇ ಜೋರಾಗಿ ಜಪಾನಿಯಲ್ಲಿ ಹೇಳಿಕೊಳ್ಳುವುದು, ಅಷ್ಟೇ. ಒಬ್ಬರೇ ಮಾತಾಡಿಕೊಳ್ಳುವುದಕ್ಕೆ ಜಪಾನಿಯಲ್ಲಿ 'ಹಿತೊರಿಗೊತೊ' ಅನ್ನುತ್ತಾರೆ. ಕನ್ನಡದವರಿಗೆ ಈ ಅಭ್ಯಾಸ ಬೇರೆಯವರಿಗಿಂತ ಸುಲಭವಾಗಿ ಒಗ್ಗುತ್ತದೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಒಂದು ಸೂಚನೆ. ಇಲ್ಲಿ ಜಪಾನಿಯನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಹ್ರಸ್ವ, ದೀರ್ಘ, ಒತ್ತಕ್ಷರ ಎಲ್ಲವನ್ನೂ ಇದ್ದ ಹಾಗೇ ಓದಿ, ಅವು ಅಲ್ಲಿ ಅರ್ಥ ಬದಲಿಸುತ್ತವೆ. 'ಅ' ಬಂದಾಗ ಬಾಯಿ ಸ್ವಲ್ಪ ಜಾಸ್ತಿ ತೆರೆಯಿರಿ, ಆದರೆ ಎಳೆಯಬೇಡಿ. 'ಜೆ', 'ಜೋ' ಇರುವ ಕಡೆ ಹೆಚ್ಚಿನವು 'ಝೂ' ಅಂತ ಜೇನುಹುಳ ಗುನುಗುವ ಸದ್ದು.

ಮೊದಲು ಜಾಗ ಆರಿಸಿಕೊಳ್ಳಿ

"ಇಡೀ ದಿನ ಜಪಾನಿಯಲ್ಲೇ ಮಾತಾಡಿಕೊಳ್ತೀನಿ" ಅಂತ ಹೊರಟವರು ಎರಡನೇ ದಿನಕ್ಕೆ ಬಿಡುತ್ತಾರೆ. ದಿನದಲ್ಲಿ ಮಾಡುವ ಕೆಲಸ ಸಾವಿರ, ಗೊತ್ತಿರುವ ಕ್ರಿಯಾಪದ ಐವತ್ತು. ಅದಕ್ಕೇ ಹತ್ತು ನಿಮಿಷದ ಒಂದೇ ಒಂದು ಕೆಲಸ ಹಿಡಿಯಿರಿ. ದಿನಾ ಮಾಡುವಂಥದ್ದು, ದಿನಾ ಅದೇ ಕ್ರಮದಲ್ಲಿ ಮಾಡುವಂಥದ್ದು ಆಗಿರಬೇಕು. ನನ್ನದು ಬೆಳಗಿನ ಕಾಫಿ. ಅದೇ ಫ್ರಿಜ್, ಅದೇ ಪಾತ್ರೆ, ಅದೇ ಲೋಟ. ನಿನ್ನೆ ಹೇಳಿದ ವಾಕ್ಯ ಇವತ್ತೂ ಬೇಕಾಗುತ್ತದೆ. ನಾಳೆಯೂ ಬೇಕಾಗುತ್ತದೆ. ವಾಕ್ಯ ಬಾಯಿಗೆ ಕೂರುವುದು ಹಾಗೆ.

ಗಾಡಿ ಓಡಿಸುವಾಗ, ಎಣ್ಣೆಯಲ್ಲಿ ಕರಿಯುವಾಗ ಬೇಡ. ಕಾರಣ ಆಮೇಲೆ ಹೇಳುತ್ತೇನೆ. ಅದಕ್ಕೆ ನಮ್ಮ ಮನೆಯ ಹಾಲೇ ಸಾಕ್ಷಿ.

ಮೊದಲ ಮೂರು ದಿನ: ಬೆರಳು ತೋರಿಸಿ, ಹೆಸರು ಹೇಳಿ

ಜಪಾನಿನ ರೈಲು ಚಾಲಕರನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ. ಅವರು ಒಬ್ಬರೇ ಕೂತಿರುತ್ತಾರೆ, ಆದರೂ ಸಿಗ್ನಲ್ ಕಡೆ ಬೆರಳು ಚಾಚಿ ಅದು ಏನು ತೋರಿಸುತ್ತಿದೆ ಅಂತ ಜೋರಾಗಿ ಹೇಳುತ್ತಾರೆ. ಇದಕ್ಕೆ 'ಶಿಸ ಕಂಕೊ' ಅಂತ ಹೆಸರು. ತಪ್ಪು ಕಡಿಮೆಯಾಗಲಿ ಅಂತ ಕಾರ್ಖಾನೆಗಳಲ್ಲೂ ಹೀಗೆ ಮಾಡಿಸುತ್ತಾರೆ. ಎಲ್ಲ ಸರಿಯಿದೆ ಅಂತ ಖಾತ್ರಿ ಮಾಡಿಕೊಳ್ಳುವಾಗ ವಸ್ತುವಿನ ಹೆಸರು ಹೇಳಿ, ಮುಂದೆ 'ಯೊಶಿ' ಅನ್ನುತ್ತಾರೆ. ಸರಿ, ಆಯ್ತು ಅಂತ ಅರ್ಥ.

ಕ್ರಿಯಾಪದ ಒಂದೂ ಬಾರದವರಿಗೂ ಇದು ಸಾಕು. ಮನೆ ಬಿಡುವ ಮುಂಚೆ ಬೆರಳು ತೋರಿಸಿ ಹೇಳಿ: "ಗಸು, ಯೊಶಿ." ಗ್ಯಾಸ್ ಆಫ್ ಆಗಿದೆ. "ಮದೊ, ಯೊಶಿ." ಕಿಟಕಿ ಹಾಕಿದೆ. "ಕಗಿ, ಯೊಶಿ." ಬೀಗದ ಕೈ ಇದೆ. ಅಡುಗೆಮನೆಯಲ್ಲಿ ಪಾತ್ರೆ 'ನಬೆ', ಲೋಟ 'ಕೊಪ್ಪು', ಹಾಲು 'ಗ್ಯೂನ್ಯೂ', ಸಕ್ಕರೆ 'ಸತೋ', ಚಮಚ 'ಸುಪೂನ್', ಫ್ರಿಜ್ 'ರೇಜೋಕೊ'. ಹತ್ತು ವಸ್ತು ಸಾಕು.

ಜೋರಾಗಿ ಅಂದರೆ ಪಕ್ಕದ ಕೋಣೆಗೆ ಕೇಳುವಷ್ಟು. ಮನಸ್ಸಿನಲ್ಲಿ ಹೇಳಿಕೊಂಡರೆ ಎಲ್ಲ ಸರಿಯಾಗೇ ಇರುತ್ತದೆ, ಅದೇ ಮೋಸ. 'ಕಿತೆ' ಅಂದರೆ ತೊಟ್ಟು, 'ಕಿತ್ತೆ' ಅಂದರೆ ಕತ್ತರಿಸಿ. ಈರುಳ್ಳಿಗೆ 'ತಮನೆಗಿ' ಅನ್ನುತ್ತಾರೆ. "ತಮನೆಗಿ ಒ ಕಿತೆ" ಅಂದಿರೋ, ನೀವು ಈರುಳ್ಳಿ ತೊಟ್ಟುಕೊಂಡ ಹಾಗಾಯಿತು. ನಾಲಿಗೆ ಅಲುಗಾಡದೆ ಈ ವ್ಯತ್ಯಾಸ ಗೊತ್ತಾಗೋದಿಲ್ಲ.

ನಾಲ್ಕನೇ ದಿನದಿಂದ: ಕಾಫಿಯ ಹನ್ನೆರಡು ವಾಕ್ಯ

ಈಗ ಕ್ರಿಯಾಪದ. ಕೊನೆಯ 'ಮಸ್' ಮರ್ಯಾದೆಯ ರೂಪ. ಜಪಾನಿನವರು ಒಬ್ಬರೇ ಇರುವಾಗ ತಮಗೆ ತಾವೇ 'ಮಸ್' ಹಚ್ಚಿಕೊಂಡು ಮಾತಾಡುವುದಿಲ್ಲ, ನಿಜ. ಆದರೆ ನಾವು ಅಭ್ಯಾಸ ಮಾಡುತ್ತಿರುವುದು ನಾಳೆ ಬೇರೆಯವರ ಜೊತೆ ಮಾತಾಡಲು. ಹೊಸಬರು ಅಲ್ಲಿ ಏಕವಚನಕ್ಕೆ ಇಳಿದರೆ ಚೆನ್ನಾಗಿರಲ್ಲ. ಅದಕ್ಕೆ ಮೊದಲ ತಿಂಗಳು 'ಮಸ್' ಇರಲಿ.

- ದಯ್ದೊಕೊರೊ ನಿ ಇಕಿಮಸ್. (ಅಡುಗೆಮನೆಗೆ ಹೋಗ್ತೀನಿ.)
- ದೆಂಕಿ ಒ ತ್ಸುಕೆಮಸ್. (ಲೈಟ್ ಹಾಕ್ತೀನಿ.)
- ರೇಜೋಕೊ ಒ ಅಕೆಮಸ್. (ಫ್ರಿಜ್ ತೆಗೀತೀನಿ.)
- ಗ್ಯೂನ್ಯೂ ಒ ದಶಿಮಸ್. (ಹಾಲು ಹೊರಗೆ ತೆಗೀತೀನಿ.)
- ನಬೆ ನಿ ಇರೆಮಸ್. (ಪಾತ್ರೆಗೆ ಹಾಕ್ತೀನಿ.)
- ಹಿ ಒ ತ್ಸುಕೆಮಸ್. (ಒಲೆ ಹಚ್ತೀನಿ.)
- ಚೊತ್ತೊ ಮಚಿಮಸ್. (ಸ್ವಲ್ಪ ಕಾಯ್ತೀನಿ.)
- ಹಿ ಒ ಕೆಶಿಮಸ್. (ಒಲೆ ಆರಿಸ್ತೀನಿ.)
- ಕೊಪ್ಪು ನಿ ಇರೆಮಸ್. (ಲೋಟಕ್ಕೆ ಹಾಕ್ತೀನಿ.)
- ಸತೋ ಒ ಇರೆಮಸ್. (ಸಕ್ಕರೆ ಹಾಕ್ತೀನಿ.)
- ಸುಪೂನ್ ದೆ ಮಜೆಮಸ್. (ಚಮಚದಲ್ಲಿ ಕಲಕ್ತೀನಿ.)
- ಕೋಹೀ ಒ ನೊಮಿಮಸ್. (ಕಾಫಿ ಕುಡೀತೀನಿ.)

ಒಂದು ಸಾಲು ಹಿಡಿದು ಎರಡೂ ಭಾಷೆಯಲ್ಲಿ ಓದಿ ನೋಡಿ. ಪದಗಳ ಸಾಲು ಒಂದೇ. ಕ್ರಿಯಾಪದ ಕೊನೆಗೆ, 'ಗೆ' ಇದ್ದ ಕಡೆ 'ನಿ'. ಇಂಗ್ಲಿಷ್ ಮೂಲಕ ಕಲಿಯುವವರು ವಾಕ್ಯವನ್ನು ತಲೆಕೆಳಗು ಮಾಡಿಕೊಳ್ಳಬೇಕು. ನಮಗೆ ಆ ಕಷ್ಟ ಇಲ್ಲ. ಹಾಗಾಗಿ ದಯವಿಟ್ಟು ಮನಸ್ಸಿನಲ್ಲಿ ಇಂಗ್ಲಿಷ್ ವಾಕ್ಯ ಮಾಡಿಕೊಂಡು ಅದನ್ನು ಜಪಾನಿಗೆ ತರಬೇಡಿ. ಹಾಗೆ ಮಾಡುತ್ತಿದ್ದೀರಿ ಅಂತ ಗೊತ್ತಾಗುವ ಲಕ್ಷಣ ಒಂದಿದೆ. ಪ್ರತಿ ವಾಕ್ಯವೂ 'ವತಶಿ ವ' ಅಂತ ಶುರುವಾಗುತ್ತದೆ. ನಾನು ಫ್ರಿಜ್ ತೆಗೀತೀನಿ, ನಾನು ಹಾಲು ತೆಗೀತೀನಿ, ನಾನು ಒಲೆ ಹಚ್ತೀನಿ ಅಂತ ಕನ್ನಡದಲ್ಲಿ ಯಾರಾದರೂ ಅಂತಾರಾ? ಜಪಾನಿಯಲ್ಲೂ ಅನ್ನಲ್ಲ.

ಈ ಹಂತದಲ್ಲಿ ನಿಯಮ ಒಂದೇ: ಮೊದಲು ಬಾಯಿ, ಆಮೇಲೆ ಕೈ. ವಾಕ್ಯ ಪೂರ್ತಿ ಹೇಳುವವರೆಗೆ ಫ್ರಿಜ್ ತೆಗೆಯಬಾರದು. ಕೈ ಮೊದಲು ಓಡಿದರೆ ಬಾಯಿ ಅದರ ಹಿಂದೆ ಓಡಿ, ಅರ್ಧರ್ಧ ಪದ ನುಂಗುತ್ತದೆ. ಈ ನಿಯಮಕ್ಕೆ ಒಲೆ ಮಾತ್ರ ಅಪವಾದ. ಮೊದಲ ವಾರ ನಾನು 'ಆರಿಸ್ತೀನಿ'ಗೆ ಪದ ಹುಡುಕುತ್ತಾ ನಿಂತೆ. ಕೆಶಿಮಸ್ಸೋ, ಕೆಸಿಮಸ್ಸೋ ಅಂತ ಯೋಚಿಸುವಷ್ಟರಲ್ಲಿ ಹಾಲು ಉಕ್ಕಿ ಒಲೆ ತುಂಬ ಹರಿದಿತ್ತು. ಒಲೆಯ ಹತ್ತಿರ ಮೊದಲು ಕೈ, ಆಮೇಲೆ ಬಾಯಿ.

ಗೊತ್ತಿಲ್ಲದ ಪದ ಬಂದರೆ? ನಿಲ್ಲಬೇಡಿ, ಫೋನ್ ತೆಗೆಯಬೇಡಿ. ಕನ್ನಡ ಪದವನ್ನೇ ಜಪಾನಿ ವಾಕ್ಯದೊಳಗೆ ತುರುಕಿ. "ಸೌಟು ಒ ತೊರಿಮಸ್", ಅಂದರೆ ಸೌಟು ತಗೋತೀನಿ. ವಾಕ್ಯದ ಎಲುಬು ಸರಿಯಾಗಿದೆ, ಒಂದು ಪದ ಮಾತ್ರ ಸಾಲ ತಂದದ್ದು. ಆಮೇಲೆ 'ಸೌಟು' ಅಂತ ಚೀಟಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಸಂಜೆ ಮೂರೇ ಮೂರು ಚೀಟಿಗೆ ಉತ್ತರ ಹುಡುಕಿ. ಮೂರಕ್ಕಿಂತ ಜಾಸ್ತಿ ಹುಡುಕಿದರೆ ಮಾರನೆಯ ಬೆಳಗ್ಗೆ ಒಂದೂ ನೆನಪಿರಲ್ಲ. (ಸೌಟಿಗೆ 'ಒತಮ' ಅನ್ನುತ್ತಾರೆ.)

ಎರಡನೇ ವಾರ: ಮೂರು ಕಾಲ

ಈಗ ಒಂದೇ ಕೆಲಸಕ್ಕೆ ಮೂರು ಸಲ ಬಾಯಿ ತೆರೆಯಬೇಕು. ಮಾಡುವ ಮುಂಚೆ 'ಮಸ್', ಮಾಡುತ್ತಿರುವಾಗ 'ತೆ ಇಮಸ್', ಮಾಡಿದ ಮೇಲೆ 'ಮಶಿತ'. ಕೋಹೀ ಒ ನೊಮಿಮಸ್, ಕಾಫಿ ಕುಡೀತೀನಿ. ನೊಂದೆ ಇಮಸ್, ಕುಡೀತಾ ಇದ್ದೀನಿ. ನೊಮಿಮಶಿತ, ಕುಡಿದೆ. ಹಾಲು ಕಾಯುವಾಗ "ಮತ್ತೆ ಇಮಸ್" ಅನ್ನಿ, ಕಾಯ್ತಾ ಇದ್ದೀನಿ ಅಂತ. ಈ 'ಮತ್ತೆ' ನಮ್ಮ ಮತ್ತೆ ಅಲ್ಲ. ಆದರೂ ನಗು ಬಂದು ಬೇಗ ನೆನಪಿರುತ್ತದೆ.

ಇಲ್ಲೊಂದು ಗುಂಡಿ ಇದೆ, ಹೆಚ್ಚಿನವರು ಬೀಳುತ್ತಾರೆ. 'ತೆ ಇಮಸ್' ಅಂದರೆ 'ತಾ ಇದ್ದೀನಿ' ಅಂತ ಒಮ್ಮೆ ಕೂತುಬಿಟ್ಟರೆ, ಅಡುಗೆಮನೆಗೆ ನಡೆಯುತ್ತಾ "ಇತ್ತೆ ಇಮಸ್" ಅಂತೀವಿ. ಅದರ ಅರ್ಥ ಹೋಗ್ತಾ ಇದ್ದೀನಿ ಅಂತ ಅಲ್ಲ. ಹೋಗಿದ್ದೀನಿ, ಈಗ ಅಲ್ಲೇ ಇದ್ದೀನಿ ಅಂತ. ಹೋಗು, ಬರು, ನಿಲ್ಲು, ಕೂರು ಇಂಥ ಕ್ರಿಯಾಪದಗಳ ಜೊತೆ ಅದನ್ನು 'ಹೋಗಿದ್ದೀನಿ', 'ಬಂದಿದ್ದೀನಿ', 'ನಿಂತಿದ್ದೀನಿ', 'ಕೂತಿದ್ದೀನಿ' ಅಂತ ಓದಿಕೊಳ್ಳಿ. ಕಾಫಿ ಹಿಡಿದು ಕುರ್ಚಿಯಲ್ಲಿ "ಸುವತ್ತೆ ಇಮಸ್" ಅಂದರೆ ಕೂತಿದ್ದೀನಿ. ಕನ್ನಡಕ್ಕೆ ಈ ರೂಪ ಇರುವುದರಿಂದ ನಮಗೆ ವಿವರಿಸುವುದೇ ಬೇಕಿಲ್ಲ. ಎರಡರಲ್ಲಿ ಯಾವುದು ಅಂತ ನೋಡಿಕೊಂಡರೆ ಸಾಕು.

ಇನ್ನೊಂದು ಗುಂಡಿಯನ್ನು ಕನ್ನಡವೇ ತೋಡಿಟ್ಟಿದೆ. "ಅಡುಗೆಮನೆಯಲ್ಲಿ ಇದ್ದೀನಿ", "ಅಡುಗೆಮನೆಯಲ್ಲಿ ಕಾಫಿ ಕುಡೀತೀನಿ", ಎರಡಕ್ಕೂ ನಾವು 'ಅಲ್ಲಿ' ಅಂತೀವಿ. ಜಪಾನಿ ಇವನ್ನು ಬೇರೆ ಮಾಡುತ್ತದೆ. ಸುಮ್ನೆ ಇರುವುದಕ್ಕೆ 'ನಿ': ದಯ್ದೊಕೊರೊ ನಿ ಇಮಸ್. ಏನಾದರೂ ಮಾಡುವುದಕ್ಕೆ 'ದೆ': ದಯ್ದೊಕೊರೊ ದೆ ಕೋಹೀ ಒ ನೊಮಿಮಸ್. ನಾನು ತಿಂಗಳುಗಟ್ಟಲೆ ಎರಡಕ್ಕೂ 'ನಿ' ಹಾಕಿದೆ. ಒಬ್ಬರೇ ಮಾತಾಡುವಾಗ ತಿದ್ದುವವರು ಯಾರು? ಕೊನೆಗೆ ದಿನಾ ಬೆಳಗ್ಗೆ ಈ ಎರಡು ವಾಕ್ಯವನ್ನು ಜೋಡಿಯಾಗಿ ಹೇಳತೊಡಗಿದೆ. ಬಾಗಿಲಲ್ಲಿ ನಿಂತು ಮೊದಲನೆಯದು, ಲೋಟ ಎತ್ತಿಕೊಂಡು ಎರಡನೆಯದು. 'ಚಮಚದಲ್ಲಿ ಕಲಕ್ತೀನಿ' ಅನ್ನುವಾಗಲೂ 'ದೆ' ಬರುವುದರಿಂದ, ಕೈ ಆಡಿದ ಕಡೆ 'ದೆ' ಅಂತ ನೆನಪಿಟ್ಟುಕೊಂಡೆ.

'ಒ' ಬಿಟ್ಟುಹೋಗುವುದೂ ನಮ್ಮ ಅಭ್ಯಾಸವೇ. ನಾವು 'ಹಾಲನ್ನು ತೆಗೀತೀನಿ' ಅನ್ನಲ್ಲ, 'ಹಾಲು ತೆಗೀತೀನಿ' ಅಂತೀವಿ. ಜಪಾನಿನವರೂ ಮನೆಮಾತಿನಲ್ಲಿ 'ಒ' ಬಿಡುತ್ತಾರೆ. ಆದರೆ ಹೊಸಬರು ಈಗಲೇ ಬಿಟ್ಟರೆ ಆಮೇಲೆ ಬೇಕಾದಾಗ ಬರುವುದಿಲ್ಲ.

ಮೂರನೇ ವಾರ: ಎದ್ದು, ತೊಳೆದು, ಕುಡಿದು

ಹನ್ನೆರಡು ತುಂಡು ವಾಕ್ಯ ಹೇಳಿ ಹೇಳಿ ಬೇಜಾರು ಬಂದಿರುತ್ತದೆ. ಬರಲಿ, ಬಾಯಿಗೆ ಕೂತಿದೆ ಅಂತ ಅರ್ಥ. ಈಗ ಹೊಲಿಯಬೇಕು. ಕನ್ನಡದಲ್ಲಿ ನಾವು 'ಹಾಲು ತೆಗೆದು, ಪಾತ್ರೆಗೆ ಹಾಕಿ, ಒಲೆ ಹಚ್ತೀನಿ' ಅಂತೀವಿ. ನಡುವೆ 'ಮತ್ತು' ಇಲ್ಲ, 'ಆಮೇಲೆ' ಇಲ್ಲ. ಜಪಾನಿಯೂ ಥೇಟ್ ಹೀಗೇ: "ಗ್ಯೂನ್ಯೂ ಒ ದಶಿತೆ, ನಬೆ ನಿ ಇರೆತೆ, ಹಿ ಒ ತ್ಸುಕೆಮಸ್." ಇದೇ 'ತೆ' ರೂಪ. ತೆಗೆದು ಅಂದರೆ ದಶಿತೆ, ಹಾಕಿ ಅಂದರೆ ಇರೆತೆ, ಕಾದು ಅಂದರೆ ಮತ್ತೆ, ಕುಡಿದು ಅಂದರೆ ನೊಂದೆ, ಹೋಗಿ ಅಂದರೆ ಇತ್ತೆ.

ತರಗತಿಯಲ್ಲಿ ಇದನ್ನು ಗುಂಪು, ಉಪಗುಂಪು, ಹಾಡು ಎಲ್ಲ ಹಾಕಿ ಕಲಿಸುತ್ತಾರೆ. ಕಲಿಯಿರಿ, ಬೇಡ ಅನ್ನಲ್ಲ. ಆದರೆ ತಿನ್ನು ಅನ್ನುವುದು ತಿಂದು, ಬರು ಅನ್ನುವುದು ಬಂದು, ಬೀಳು ಅನ್ನುವುದು ಬಿದ್ದು ಯಾಕಾಯ್ತು ಅಂತ ನಾವು ಯಾವತ್ತಾದರೂ ಸೂತ್ರ ಹೇಳಿಕೊಂಡಿದ್ದೀವಾ? ನೊಮು ಅನ್ನುವುದು ನೊಂದೆ ಆಗುವುದೂ ಹಾಗೇ ಒಲೆಯ ಮುಂದೆ ಅಭ್ಯಾಸವಾಗುತ್ತದೆ. ಒಂದು ಸರಪಳಿಯಲ್ಲಿ ಮೂರು ಕೊಂಡಿ ಸಾಕು. ನಾಲ್ಕನೆಯದಕ್ಕೆ ಹೋದರೆ ಕೊನೆಯ ಕ್ರಿಯಾಪದ ಮರೆತು ವಾಕ್ಯ ಗಾಳಿಯಲ್ಲಿ ನೇತಾಡುತ್ತದೆ.

ಕನ್ನಡದವರಿಗೆ ಇದರ ಮೇಲೆ ಇನ್ನೊಂದು ಬೋನಸ್ ಇದೆ. ನಾವು ತಿಂದು 'ನೋಡ್ತೀವಿ', ನೆನೆಸಿ 'ಇಡ್ತೀವಿ', ಚೆಲ್ಲಿ 'ಬಿಡ್ತೀವಿ'. ಜಪಾನಿನವರೂ ಹಾಗೇ! ರುಚಿ ನೋಡಲು "ನೊಂದೆ ಮಿಮಸ್", ಕುಡಿದು ನೋಡ್ತೀನಿ. ಇಲ್ಲಿ 'ಮಿಮಸ್' ಅಂದರೆ ಅಕ್ಷರಶಃ ನೋಡುವುದೇ. ರಾತ್ರಿ ಅಕ್ಕಿಯೋ ಕಾಳೋ ನೆನೆಸುವಾಗ "ಮಿಜು ನಿ ತ್ಸುಕೆತೆ ಒಕಿಮಸ್", ನೀರಲ್ಲಿ ನೆನೆಸಿ ಇಡ್ತೀನಿ. 'ಒಕಿಮಸ್' ಅಂದರೆ ಇಡುವುದು. ಇನ್ನು ಹಾಲು ಉಕ್ಕಿ ಚೆಲ್ಲಿದ ದಿನ ಹೇಳಬೇಕಿದ್ದ ಮಾತು: "ಗ್ಯೂನ್ಯೂ ಗ ಕೊಬೊರೆತೆ ಶಿಮಯ್ಮಶಿತ." ಹಾಲು ಚೆಲ್ಲಿಬಿಡ್ತು. ಆ 'ಬಿಡ್ತು'ನಲ್ಲಿರುವ ಅಯ್ಯೋ ಕೂಡ ಹಾಗೇ ದಾಟುತ್ತದೆ.

ಆ ವಾಕ್ಯದಲ್ಲಿ 'ಒ' ಬದಲು 'ಗ' ಬಂದದ್ದು ಗಮನಿಸಿದಿರಾ? ಹಾಲು ತಾನೇ ಚೆಲ್ಲಿತು, ನಾನು ಚೆಲ್ಲಲಿಲ್ಲ. ನಮ್ಮ ಆರು–ಆರಿಸು, ಕುದಿ–ಕುದಿಸು ಇದ್ದ ಹಾಗೆ ಅಲ್ಲೂ ಜೋಡಿಗಳಿವೆ. ಗಾಳಿಗೆ ಒಲೆ ಆರಿತು, "ಹಿ ಗ ಕಿಎಮಶಿತ." ನಾನೇ ಆರಿಸಿದೆ, "ಹಿ ಒ ಕೆಶಿಮಶಿತ." ಯಾವುದು ಹೇಳಬೇಕು ಅಂತ ಅನುಮಾನ ಬಂದರೆ ಕನ್ನಡದಲ್ಲಿ ಹೇಳಿ ನೋಡಿ, 'ಇಸು' ಬಂತಾ ಇಲ್ಲವಾ ಅಂತ. ಎಲ್ಲ ಕಡೆ ನಡೆಯಲ್ಲ, ಆದರೆ ಅಡುಗೆಮನೆಯಲ್ಲಿ ಸುಮಾರಾಗಿ ದಾರಿ ತೋರಿಸುತ್ತದೆ. ನೀರು ಕುದಿಸುವಾಗ ಮಾತ್ರ ಎಚ್ಚರ. ಅಲ್ಲಿ ತಣ್ಣೀರು 'ಮಿಜು', ಬಿಸಿನೀರು 'ಒಯು', ಎರಡೂ ಬೇರೆ ಪದ. ಅವರು "ಒಯು ಒ ವಕಶಿಮಸ್" ಅನ್ನುತ್ತಾರೆ. ಇನ್ನೂ ಕಾಯದ ನೀರಿಗೆ ಬಿಸಿನೀರು ಅನ್ನುವುದು ವಿಚಿತ್ರ ಅಂತ ಅನ್ನಿಸಿತ್ತು. ಆಮೇಲೆ ಹೊಳೀತು, ನಾವೂ 'ಅನ್ನಕ್ಕಿಡ್ತೀನಿ' ಅಂತೀವಿ, ಪಾತ್ರೆಯಲ್ಲಿರೋದು ಅಕ್ಕಿ.

ನಾಲ್ಕನೇ ವಾರ: ಇನ್ನೊಂದು ಕೋಣೆ, ಮತ್ತು ನಿಜವಾದ ಹಿತೊರಿಗೊತೊ

ಕಾಫಿ ಮುಗಿಸಿ ಬಟ್ಟೆ ಹಾಕಿಕೊಳ್ಳುವಲ್ಲಿಗೆ ಬನ್ನಿ. ಇಲ್ಲಿ ಹಿಂದಿ, ಇಂಗ್ಲಿಷ್ ಬದಿಗಿಡಿ. ಸೀರೆ ಉಡ್ತೀವಿ, ಬಳೆ ತೊಡ್ತೀವಿ, ಹೂ ಮುಡೀತೀವಿ, ಅಲ್ವಾ? ಜಪಾನಿಯಲ್ಲೂ ಮೈಯ ಯಾವ ಭಾಗ ಅನ್ನುವುದರ ಮೇಲೆ ಕ್ರಿಯಾಪದ ಬದಲಾಗುತ್ತದೆ. ಶರಟಿಗೆ 'ಕಿಮಸ್', ಪ್ಯಾಂಟು, ಚಪ್ಪಲಿ, ಶೂಗೆ 'ಹಕಿಮಸ್', ಟೋಪಿಗೆ 'ಕಬುರಿಮಸ್', ಕನ್ನಡಕಕ್ಕೆ 'ಕಕೆಮಸ್'. ದಿನಾ ಹಾಕಿಕೊಳ್ಳುವಷ್ಟನ್ನೇ ಹೇಳಿ. ಟೋಪಿ ಹಾಕದವರಿಗೆ ಟೋಪಿಯ ಕ್ರಿಯಾಪದ ಈಗಲೇ ಬೇಡ.

ಈಗ 'ಮಸ್' ಇಲ್ಲದ ಮಾತೂ ಸ್ವಲ್ಪ ಸೇರಿಸಬಹುದು. ಜಪಾನಿನವರು ನಿಜವಾಗಿ ತಮ್ಮಷ್ಟಕ್ಕೆ ಹೇಳಿಕೊಳ್ಳುವ ಚೂರುಗಳು ಇವು. ಬೀಗದ ಕೈ ಕಾಣದಿದ್ದರೆ "ಅರೆ?" ಅಂತಾರೆ, ಹೆಚ್ಚುಕಡಿಮೆ ನಮ್ಮ ಅರೆ! "ದೊಕೊ ಕನ?" ಎಲ್ಲಿ ಹೋಯ್ತಪ್ಪಾ. ಸಿಕ್ಕಿದರೆ "ಅತ್ತ!" ಭಾರ ಎತ್ತುವಾಗ, ನೆಲದಿಂದ ಏಳುವಾಗ "ಯೊಕ್ಕೊಯ್ಶೊ", ನಮ್ಮ ಉಸ್ಸಪ್ಪಾ ಇದ್ದ ಹಾಗೆ. ಇವಕ್ಕೆ ವ್ಯಾಕರಣ ಬೇಡ, ಸಂದರ್ಭ ಸಾಕು.

ಬಾಗಿಲು ಹಾಕುವಾಗ "ಇತ್ತೆಕಿಮಸ್". ಮನೆಯಲ್ಲಿದ್ದವರಿಗೆ ಹೇಳುವ ಮಾತು ಇದು. ಬಿಡಿಸಿದರೆ ಇತ್ತೆ ಅಂದರೆ ಹೋಗಿ, ಕಿಮಸ್ ಅಂದರೆ ಬರ್ತೀನಿ. ಹೊರಡುವಾಗ 'ಹೋಗ್ತೀನಿ' ಅನ್ನಬಾರದು, 'ಹೋಗಿ ಬರ್ತೀನಿ' ಅನ್ನಬೇಕು ಅಂತ ನಮ್ಮಜ್ಜಿ ಬೈಯುತ್ತಿದ್ದರು. ನನಗೆ 'ತೆ' ರೂಪ ಪಕ್ಕಾ ಆದದ್ದು ಈ ಒಂದು ಪದದಿಂದ.

ತಪ್ಪು ಕಂಡುಹಿಡಿಯೋದು ಹೇಗೆ

ವಾರಕ್ಕೊಂದು ಸಲ ಫೋನನ್ನು ಡಬ್ಬಿಗೆ ಒರಗಿಸಿ ಎರಡು ನಿಮಿಷ ರೆಕಾರ್ಡ್ ಮಾಡಿ. ಕೇಳುವುದು ಅದೇ ದಿನ ಬೇಡ, ಮಾರನೆಯ ದಿನ. ಅದೇ ದಿನ ಕೇಳಿದರೆ ಹೇಳಬೇಕೆಂದಿದ್ದುದು ಕೇಳಿಸುತ್ತದೆ, ಹೇಳಿದ್ದು ಕೇಳಿಸಲ್ಲ. ಎಲ್ಲವನ್ನೂ ಒಟ್ಟಿಗೆ ಹುಡುಕಬೇಡಿ. ಒಂದು ವಾರ 'ಒ' ಬಿಟ್ಟಿದ್ದೀನಾ, ಇನ್ನೊಂದು ವಾರ 'ನಿ'–'ದೆ' ಸರಿಯಿದೆಯಾ, ಮತ್ತೊಂದು ವಾರ ದೀರ್ಘ. 'ಒಬಸನ್' ಅಂದರೆ ಅತ್ತೆ ಚಿಕ್ಕಮ್ಮನ ವಯಸ್ಸಿನವರು, 'ಒಬಾಸನ್' ಅಂದರೆ ಅಜ್ಜಿ. ಬರೆಯುವಾಗ ಯಾರೂ ತಪ್ಪಲ್ಲ, ಓಡುವ ಮಾತಿನಲ್ಲಿ ದೀರ್ಘ ಸವೆಯುತ್ತದೆ. 'ಹಾಲು' ಅನ್ನುವುದನ್ನು 'ಆಲು' ಅನ್ನುವ ಕಡೆಯವರು 'ಹಿ'ಯನ್ನೂ ಕಿವಿಗೊಟ್ಟು ಕೇಳಿ. ಬೆಂಕಿ 'ಹಿ', ಜಠರ 'ಇ'. "ಇ ಒ ತ್ಸುಕೆಮಸ್" ಅಂದರೆ ಹೊಟ್ಟೆಗೇ ಬೆಂಕಿ ಇಡಲು ಹೊರಟ ಹಾಗೆ ಕೇಳುತ್ತದೆ.

ಈ ಅಭ್ಯಾಸದಿಂದ ಆಗದ ಕೆಲಸವೂ ಇದೆ. ಎದುರಿನವರ ಮಾತು ಹಿಡಿಯುವ ಕಿವಿ ಇದರಿಂದ ಬರಲ್ಲ. ಪ್ರಶ್ನೆ ಕೇಳುವ ಅಭ್ಯಾಸವೂ ಬರಲ್ಲ, ಯಾಕಂದರೆ ಫ್ರಿಜ್‌ಗೆ ಯಾರೂ ಪ್ರಶ್ನೆ ಕೇಳಲ್ಲ. ಎಲ್ಲಕ್ಕಿಂತ ಅಪಾಯ ಅಂದರೆ, ತಪ್ಪು ವಾಕ್ಯವನ್ನು ಮೂವತ್ತು ಬೆಳಗ್ಗೆ ಹೇಳಿದರೆ ಅದೂ ಸರಿ ವಾಕ್ಯದಷ್ಟೇ ಗಟ್ಟಿಯಾಗಿ ಕೂರುತ್ತದೆ. ಹಾಗಾಗಿ ಹೊಸ ಕೆಲಸ ಹಿಡಿಯುವ ಮುಂಚೆ ಅದರ ಹನ್ನೆರಡು ವಾಕ್ಯ ಬರೆದು, ಕಲಿಸುವವರ ಹತ್ತಿರವೋ ಚೆನ್ನಾಗಿ ಬಲ್ಲ ಗೆಳೆಯರ ಹತ್ತಿರವೋ ಒಮ್ಮೆ ತಿದ್ದಿಸಿಕೊಳ್ಳಿ. ಐದು ನಿಮಿಷದ ಕೆಲಸ. ನನ್ನ ಕಾಫಿಯ ಪಟ್ಟಿಯನ್ನು ನಾನು ತಿದ್ದಿಸಿರಲಿಲ್ಲ. ಆ 'ನಿ'–'ದೆ' ಬಿಡಿಸಲು ಮೂರು ತಿಂಗಳು ಹಿಡಿಯಿತು. ಮುಂದೆ ಪಾತ್ರೆ ತೊಳೆಯುವ ಪಟ್ಟಿಯನ್ನು ಮೊದಲೇ ತೋರಿಸಿದೆ. ಹನ್ನೆರಡರಲ್ಲಿ ನಾಲ್ಕು ತಪ್ಪಿತ್ತು.